ಹೊಸ ಫೋನಿಗೆ ಹಳೆಯ ವಾಟ್ಸಾಪ್ ಚಾಟ್‌ಗಳು ಬಾರದಿರುವುದೇಕೆ?

ತುಮಕೂರಿನಲ್ಲಿರುವ ನನ್ನ ಚಿಕ್ಕಮ್ಮ ಕಳೆದ ಜೂನ್ ತಿಂಗಳಿನಲ್ಲಿ ಹೊಸ ಆಂಡ್ರಾಯ್ಡ್ ಫೋನ್ ಕೊಂಡರು. ಅಂಗಡಿಯ ಹುಡುಗ ಹಳೆಯ ಫೋನಿನ ಎರಡೂ ಸಿಮ್‌ಗಳನ್ನು ಹೊಸದಕ್ಕೆ ಹಾಕಿ, ವಾಟ್ಸಾಪ್ ಇಳಿಸಿ, ನಂಬರ್ ಕೇಳಿ ಓಟಿಪಿ ತುಂಬಿ, ಐದೇ ನಿಮಿಷದಲ್ಲಿ ಫೋನನ್ನು ಕೈಗಿತ್ತ. ಮನೆಗೆ ಬಂದು ತೆರೆದು ನೋಡಿದರೆ ಗುಂಪುಗಳ ಹೆಸರುಗಳಿದ್ದವು, ಆದರೆ ಒಳಗೆ ಒಂದೇ ಒಂದು ಹಳೆಯ ಸಂದೇಶವೂ ಇರಲಿಲ್ಲ. "ಎಲ್ಲಾ ಹೋಯ್ತು ಕಣೋ, ನಿಮ್ಮ ಚಿಕ್ಕಪ್ಪ ಕಳಿಸಿದ್ದ ವಾಯ್ಸ್ ಮೆಸೇಜೂ ಇಲ್ಲ" ಎಂದು ಫೋನ್ ಮಾಡಿದರು. ಚಿಕ್ಕಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು.

ಹಳೆಯ ಫೋನನ್ನು ಅವರು ಎಕ್ಸ್‌ಚೇಂಜ್‌ಗೆ ಕೊಟ್ಟಿರಲಿಲ್ಲ ಎಂಬುದೊಂದೇ ಆ ಹೊತ್ತಿನಲ್ಲಿ ಸಮಾಧಾನದ ಸಂಗತಿಯಾಗಿತ್ತು. ಮುಂದೆ ಏನು ಮಾಡಿದೆವು, ಅದನ್ನೇ ಏಕೆ ಮಾಡಿದೆವು ಎಂಬುದು ಅರ್ಥವಾಗಬೇಕಾದರೆ, ವಾಟ್ಸಾಪ್ ಸಂದೇಶಗಳು ಎಲ್ಲಿರುತ್ತವೆ ಎಂಬಲ್ಲಿಂದ ಆರಂಭಿಸಬೇಕಾಗುತ್ತದೆ.

## ಸಂದೇಶಗಳು ಇರುವುದು ಎಲ್ಲಿ?

ಇಮೇಲ್ ಬಳಸಿ ರೂಢಿಯಾದವರಿಗೆ ಸಹಜವಾಗಿ ಒಂದು ಭಾವನೆ ಇರುತ್ತದೆ. ಯಾವ ಫೋನಿನಿಂದ ಲಾಗಿನ್ ಆದರೂ ಹಳೆಯ ಪತ್ರಗಳೆಲ್ಲ ಕಾಣಿಸುತ್ತವೆ, ಏಕೆಂದರೆ ಅವು ಕಂಪನಿಯ ಕಂಪ್ಯೂಟರಿನಲ್ಲಿರುತ್ತವೆ. ವಾಟ್ಸಾಪ್ ಹಾಗಲ್ಲ. ಅದು ಅಂಚೆಯಣ್ಣನಂತೆ ಕೆಲಸ ಮಾಡುತ್ತದೆ. ಕಾಗದವನ್ನು ಮನೆಗೆ ತಲುಪಿಸಿದ ಮೇಲೆ ಅದರ ಪ್ರತಿಯನ್ನು ತನ್ನ ಬಳಿ ಇಟ್ಟುಕೊಳ್ಳುವುದಿಲ್ಲ. ಫೋನ್ ಆಫ್ ಆಗಿದ್ದು ತಲುಪಿಸಲಾಗದ ಸಂದೇಶವನ್ನು ಮಾತ್ರ ಗರಿಷ್ಠ 30 ದಿನ ಕಾದಿರಿಸುತ್ತದೆ. ತಲುಪಿದ ಕಾಗದಗಳು ನಮ್ಮ ಮನೆಯ ಟ್ರಂಕಿನಲ್ಲಿ, ಅಂದರೆ ನಮ್ಮ ಫೋನಿನಲ್ಲಿ ಇರುತ್ತವೆ.

ಮನೆ ಬದಲಾಯಿಸಿದಾಗ ಹೊಸ ವಿಳಾಸ ತಿಳಿಸಿದರೆ ಅಂಚೆಯಣ್ಣ ಹೊಸ ಕಾಗದಗಳನ್ನು ಅಲ್ಲಿಗೇ ತರುತ್ತಾನೆ, ಆದರೆ ಹಳೆಯ ಟ್ರಂಕನ್ನು ಹೊತ್ತು ತರುವುದು ಅವನ ಕೆಲಸವಲ್ಲ. ಹೊಸ ಫೋನಿನಲ್ಲಿ ಓಟಿಪಿ ತುಂಬುವುದೆಂದರೆ ವಿಳಾಸ ತಿಳಿಸಿದಂತೆ ಅಷ್ಟೇ. ಗುಂಪುಗಳ ಹೆಸರು, ನಮ್ಮ ಪ್ರೊಫೈಲ್ ಚಿತ್ರ ಇವೆಲ್ಲ ಖಾತೆಗೆ ಸೇರಿದವಾದ್ದರಿಂದ ತಾವಾಗಿ ಬರುತ್ತವೆ, ಚಾಟ್‌ಗಳು ಬರುವುದಿಲ್ಲ. ಅವುಗಳನ್ನು ತರಲು ಬ್ಯಾಕಪ್ ಬೇಕು. ಟ್ರಂಕಿನಲ್ಲಿರುವುದನ್ನೆಲ್ಲ ನಕಲು ಮಾಡಿ ಬೇರೆಡೆ ಇಟ್ಟ ಗಂಟನ್ನು ಬ್ಯಾಕಪ್ ಎನ್ನುತ್ತಾರೆ, ಆ ಗಂಟನ್ನು ಹೊಸ ಫೋನಿನಲ್ಲಿ ಬಿಚ್ಚಿ ಜೋಡಿಸುವುದನ್ನು ರಿಸ್ಟೋರ್ ಎನ್ನುತ್ತಾರೆ.

ಆಂಡ್ರಾಯ್ಡ್ ಫೋನಿನಲ್ಲಿ ಇಂತಹ ಗಂಟುಗಳು ಎರಡು ಬಗೆಯವು. ಮೊದಲನೆಯದನ್ನು ವಾಟ್ಸಾಪ್ ಪ್ರತಿದಿನ ಬೆಳಗಿನ ಜಾವ 2 ಗಂಟೆಗೆ ತಾನಾಗಿಯೇ ಫೋನಿನೊಳಗೆ ಕಟ್ಟಿಡುತ್ತದೆ. ಎರಡನೆಯದು ನಾವು ವ್ಯವಸ್ಥೆ ಮಾಡಿದ್ದರೆ ಮಾತ್ರ ಗೂಗಲ್ ಖಾತೆಗೆ ಹೋಗುತ್ತದೆ. ಹೊಸ ಫೋನಿಗೆ ಸುಲಭವಾಗಿ ಸಿಗುವುದು ಈ ಎರಡನೆಯದು. ಅದು ಸಿಗಬೇಕಾದರೆ ನಂಬರ್, ಗೂಗಲ್ ಖಾತೆ, ಜಾಗ ಎಂಬ ಮೂರು ಸಂಗತಿಗಳು ಸರಿಯಿರಬೇಕು. ಚಿಕ್ಕಮ್ಮನ ವಿಷಯದಲ್ಲಿ ಇವುಗಳಲ್ಲಿ ಎರಡು ಸರಿಯಿರಲಿಲ್ಲ.

## ನಂಬರ್: ಸಿಮ್ ಅಲ್ಲ, ಖಾತೆಯ ಹೆಸರು

ಬ್ಯಾಂಕಿನ ಲಾಕರಿಗೆ ಎರಡು ಬೀಗದ ಕೈಗಳಿರುವುದನ್ನು ನೋಡಿರುತ್ತೀರಿ. ಒಂದು ಬ್ಯಾಂಕಿನವರದು, ಇನ್ನೊಂದು ನಮ್ಮದು, ಎರಡೂ ಸೇರಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಬ್ಯಾಕಪ್‌ನ ವಿಷಯದಲ್ಲಿ ಮೊದಲ ಕೈ ಫೋನ್ ನಂಬರ್. ಬ್ಯಾಕಪ್ ಮಾಡಿದಾಗ ವಾಟ್ಸಾಪ್ ಯಾವ ನಂಬರಿನಲ್ಲಿತ್ತೋ ರಿಸ್ಟೋರ್ ಮಾಡುವಾಗಲೂ ಅದೇ ನಂಬರಿನಲ್ಲಿ ನೋಂದಾಯಿಸಬೇಕು.

ಇಲ್ಲಿ ಎರಡು ಸಿಮ್ ಇರುವವರು ಎಡವುವುದುಂಟು. ಹಳೆಯ ನಂಬರಿನಲ್ಲಿ ವಾಟ್ಸಾಪ್ ಇದ್ದು, ಕರೆಗೆ ಹೊಸ ನಂಬರನ್ನು ಬಳಸುತ್ತಿರುವವರು ಅಂಗಡಿಯಲ್ಲಿ "ನಂಬರ್ ಹೇಳಿ" ಎಂದ ಕೂಡಲೇ ಬಾಯಿಗೆ ಬಂದ ಹೊಸ ನಂಬರನ್ನೇ ಹೇಳಿಬಿಡುತ್ತಾರೆ. ಆಗ ವಾಟ್ಸಾಪ್ ಹೊಸದೊಂದು ಖಾತೆಯನ್ನೇ ತೆರೆಯುತ್ತದೆ, ಹಳೆಯ ಬ್ಯಾಕಪ್ ಅದರ ಕಣ್ಣಿಗೆ ಬೀಳುವುದಿಲ್ಲ. ಖಾತೆಯ ನಂಬರ್ ಯಾವುದೆಂದು ಅನುಮಾನವಿದ್ದರೆ ಹಳೆಯ ಫೋನಿನ ವಾಟ್ಸಾಪ್‌ನಲ್ಲಿ Settings ತೆರೆದು ಮೇಲೆ ಕಾಣುವ ನಮ್ಮ ಹೆಸರನ್ನು ಒತ್ತಿದರೆ ನಂಬರ್ ಕಾಣಿಸುತ್ತದೆ.

ದುಬೈಗೋ ಲಂಡನ್ನಿಗೋ ಹೋಗಿ ಅಲ್ಲಿನ ಸಿಮ್ ಕೊಂಡವರಿಗೂ ಇದೇ ನಿಯಮ. +91 ನಂಬರಿನ ಬ್ಯಾಕಪ್ +971 ನಂಬರಿಗೆ ತೆರೆಯುವುದಿಲ್ಲ. ಅವರಿಗೆ ಎರಡು ದಾರಿಗಳಿವೆ. ವಾಟ್ಸಾಪನ್ನು ಊರಿನ ನಂಬರಿನಲ್ಲಿಯೇ ಮುಂದುವರಿಸುವುದು ಒಂದು. ಓಟಿಪಿ ಬರುವ ಹೊತ್ತಿನಲ್ಲಿ ಆ ಸಿಮ್ ಯಾವುದಾದರೊಂದು ಫೋನಿನಲ್ಲಿ ಚಾಲ್ತಿಯಲ್ಲಿದ್ದರೆ ಸಾಕು, ಅದು ಹೊಸ ಫೋನಿನಲ್ಲೇ ಇರಬೇಕೆಂದಿಲ್ಲ. ನಂಬರನ್ನೇ ಬದಲಾಯಿಸಬೇಕೆಂದಿದ್ದರೆ ಇನ್ನೊಂದು ದಾರಿ, ಮತ್ತು ಅದರಲ್ಲಿ ಕ್ರಮ ಮುಖ್ಯ: ಮೊದಲು ಹಳೆಯ ಫೋನಿನಲ್ಲಿ Settings, Account, Change number ಮೂಲಕ ನಂಬರ್ ಬದಲಾಯಿಸಬೇಕು, ಆಮೇಲೆ ಅದೇ ಫೋನಿನಲ್ಲಿ ಹೊಸದಾಗಿ ಬ್ಯಾಕಪ್ ಮಾಡಬೇಕು, ಕೊನೆಗೆ ಹೊಸ ಫೋನಿಗೆ ಹೋಗಬೇಕು.

ಚಿಕ್ಕಮ್ಮ ನಂಬರನ್ನು ಸರಿಯಾಗಿಯೇ ಹೇಳಿದ್ದರು.

## ಗೂಗಲ್ ಖಾತೆ: ಗಂಟು ಯಾರ ಮನೆಯಲ್ಲಿದೆ?

ಎರಡನೆಯ ಕೈ ಗೂಗಲ್ ಖಾತೆ, ಅಂದರೆ ಜಿಮೇಲ್ ವಿಳಾಸ. ಬ್ಯಾಕಪ್ ಯಾವ ಖಾತೆಗೆ ಹೋಗಿದೆಯೋ ಅದೇ ಖಾತೆ ಹೊಸ ಫೋನಿನಲ್ಲಿಯೂ ಇರಬೇಕು. ಅಂಗಡಿಯಲ್ಲಿ ಹುಡುಗ ಜಿಮೇಲ್ ಪಾಸ್‌ವರ್ಡ್ ಕೇಳಿದಾಗ ಚಿಕ್ಕಮ್ಮನಿಗೆ ನೆನಪಾಗಲಿಲ್ಲ. ಅವನು ತಲೆ ಕೆಡಿಸಿಕೊಳ್ಳದೆ ಹೊಸ ಜಿಮೇಲ್ ಒಂದನ್ನು ತೆರೆದು ಮುಂದೆ ಸಾಗಿದ. ಗಿರಾಕಿಗಳು ಸಾಲುಗಟ್ಟಿ ನಿಂತಿರುವಾಗ ಅವನ ಮಟ್ಟಿಗೆ ಅದು ಸುಲಭದ ದಾರಿ. ವಾಟ್ಸಾಪ್ ಆ ಖಾಲಿ ಖಾತೆಯಲ್ಲಿ ಹುಡುಕಿ, ಬ್ಯಾಕಪ್ ಸಿಗಲಿಲ್ಲವೆಂದು ಹೇಳಿತು. ಅವನು Skip ಒತ್ತಿದ.

ಈ Skip ಬಗ್ಗೆ ಒಂದೆರಡು ಮಾತು ಹೆಚ್ಚಾಗಿಯೇ ಹೇಳಬೇಕು. ರಿಸ್ಟೋರ್ ಮಾಡುವ ಪರದೆ ನಂಬರ್ ಖಚಿತಪಡಿಸಿದ ಕೂಡಲೇ ಒಮ್ಮೆ ಮಾತ್ರ ಬರುತ್ತದೆ. ಅದನ್ನು ದಾಟಿ ಮುಂದೆ ಹೋದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ರಿಸ್ಟೋರ್ ಎಂಬ ಗುಂಡಿ ಸಿಗುವುದಿಲ್ಲ, ಆ್ಯಪನ್ನು ತೆಗೆದು ಮತ್ತೆ ಇಳಿಸಿಕೊಳ್ಳಬೇಕಾಗುತ್ತದೆ. ಇದು ಕೇವಲ ಕಿರಿಕಿರಿ. ನಿಜವಾದ ಅಪಾಯ ಬೇರೆಯೇ ಇದೆ. ಒಂದು ನಂಬರಿಗೆ ಒಂದು ಗೂಗಲ್ ಖಾತೆಯಲ್ಲಿ ಒಂದೇ ಬ್ಯಾಕಪ್ ಇರುತ್ತದೆ, ಹೊಸದು ಬಂದಾಗ ಹಳೆಯದನ್ನು ಅಳಿಸಿ ಅದರ ಜಾಗದಲ್ಲಿ ಕೂರುತ್ತದೆ. Skip ಮಾಡಿದ ಮೇಲೆ ಖಾಲಿ ವಾಟ್ಸಾಪಿಗೆ ಹಳೆಯ ಗೂಗಲ್ ಖಾತೆಯನ್ನೇ ಜೋಡಿಸಿ ಬ್ಯಾಕಪ್ ಚಾಲೂ ಮಾಡಿಬಿಟ್ಟರೆ, ಆ ರಾತ್ರಿಯೇ ಖಾಲಿ ಗಂಟು ಹೋಗಿ ತುಂಬಿದ ಗಂಟಿನ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ. ಹಿಂದಿನದನ್ನು ಮರಳಿ ಪಡೆಯುವ ವ್ಯವಸ್ಥೆ ಇಲ್ಲ. ಚಿಕ್ಕಮ್ಮನ ಫೋನಿನಲ್ಲಿದ್ದದ್ದು ಹೊಸ ಜಿಮೇಲ್ ಆದ್ದರಿಂದ, ಅಂಗಡಿಯವನ ತಪ್ಪೇ ಒಂದು ರೀತಿಯಲ್ಲಿ ಅವರನ್ನು ಕಾಪಾಡಿತು.

ಹಳೆಯ ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ ಎರಡು ಜಿಮೇಲ್ ಖಾತೆಗಳಿದ್ದವು, ಒಂದು ಅವರದು, ಇನ್ನೊಂದು ಅವರ ಮಗಳದು. ಬ್ಯಾಕಪ್ ಯಾವುದರಲ್ಲಿದೆ? ಇದನ್ನು ಊಹಿಸುವ ಅಗತ್ಯವಿಲ್ಲ. ಗೂಗಲ್ ಡ್ರೈವ್ ಆ್ಯಪ್ ತೆರೆದು, ಎಡಗಡೆಯ ಮೂರು ಗೆರೆಗಳನ್ನು ಒತ್ತಿ, Backups ಎಂಬಲ್ಲಿಗೆ ಹೋದರೆ ಆ ಖಾತೆಯಲ್ಲಿರುವ ಬ್ಯಾಕಪ್‌ಗಳ ಪಟ್ಟಿ ಬರುತ್ತದೆ. ವಾಟ್ಸಾಪ್‌ನದು ಅಲ್ಲಿದ್ದರೆ ಅದೇ ಖಾತೆ, ಇಲ್ಲದಿದ್ದರೆ ಮೇಲಿನ ಮೂಲೆಯ ಚಿತ್ರವನ್ನು ಒತ್ತಿ ಇನ್ನೊಂದು ಖಾತೆಗೆ ಬದಲಾಯಿಸಿ ನೋಡಬೇಕು. ಇಲ್ಲಿ ಕಾಣುವ ದಿನಾಂಕವನ್ನು ತಪ್ಪದೆ ಗಮನಿಸಬೇಕು. ಚಿಕ್ಕಮ್ಮನ ಖಾತೆಯಲ್ಲಿ ಬ್ಯಾಕಪ್ ಇತ್ತು, ಆದರೆ ಅದರ ದಿನಾಂಕ ಮಾರ್ಚ್ 11. ಮೂರು ತಿಂಗಳಿನಿಂದ ಹೊಸದಾಗಿ ಏನೂ ಸೇರಿರಲಿಲ್ಲ. ಇನ್ನೆರಡು ತಿಂಗಳು ಹಾಗೆಯೇ ಬಿಟ್ಟಿದ್ದರೆ ಅದೂ ಹೋಗುತ್ತಿತ್ತು, ಏಕೆಂದರೆ ಐದು ತಿಂಗಳಿಗಿಂತ ಹೆಚ್ಚು ಕಾಲ ನವೀಕರಣವಾಗದ ವಾಟ್ಸಾಪ್ ಬ್ಯಾಕಪ್ ಗೂಗಲ್ ಖಾತೆಯಿಂದ ತಾನಾಗಿ ಅಳಿಸಿಹೋಗುತ್ತದೆ.

ಬ್ಯಾಕಪ್‌ಗೆ ಪಾಸ್‌ವರ್ಡ್ ಹಾಕಿಕೊಂಡವರಿಗೆ ಮೂರನೆಯದೊಂದು ಕೈಯೂ ಬೇಕಾಗುತ್ತದೆ. 2021ರಿಂದ ವಾಟ್ಸಾಪ್ ಈ ಸೌಲಭ್ಯವನ್ನು ಕೊಟ್ಟಿದೆ. ಬ್ಯಾಕಪನ್ನು ನಮ್ಮದೇ ಪಾಸ್‌ವರ್ಡ್‌ನಿಂದಲೋ 64 ಅಂಕಿ-ಅಕ್ಷರಗಳ ಕೀಲಿಯಿಂದಲೋ ಭದ್ರಪಡಿಸಬಹುದು. ಅದು ಮರೆತುಹೋದರೆ ವಾಟ್ಸಾಪ್ ಆಗಲಿ ಗೂಗಲ್ ಆಗಲಿ ತೆರೆದುಕೊಡಲಾರವು. ಹಳೆಯ ಫೋನಿನಲ್ಲಿ ವಾಟ್ಸಾಪ್ ಇನ್ನೂ ಚಾಲ್ತಿಯಲ್ಲಿದ್ದರೆ ಅಲ್ಲಿಯೇ ಪಾಸ್‌ವರ್ಡ್ ಬದಲಾಯಿಸಿಕೊಳ್ಳಬಹುದು.

## ಜಾಗ: ತುಂಬಿದ ಕಣಜಕ್ಕೆ ಇನ್ನೊಂದು ಮೂಟೆ ಹಿಡಿಸದು

ಮಾರ್ಚ್‌ನಲ್ಲಿ ಬ್ಯಾಕಪ್ ನಿಂತದ್ದೇಕೆ? ಗೂಗಲ್ ಪ್ರತಿ ಖಾತೆಗೆ ಉಚಿತವಾಗಿ ಕೊಡುವ ಜಾಗ 15 ಜಿಬಿ. ಜಿಮೇಲ್, ಗೂಗಲ್ ಫೋಟೋಸ್, ಡ್ರೈವ್ ಮೂರಕ್ಕೂ ಸೇರಿ ಇಷ್ಟೇ. ಹಿಂದೆ ವಾಟ್ಸಾಪ್ ಬ್ಯಾಕಪ್ ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. ಇನ್ನು ಮುಂದೆ ಅದನ್ನೂ ಲೆಕ್ಕಕ್ಕೆ ಸೇರಿಸಲಾಗುವುದೆಂದು 2023ರ ನವೆಂಬರ್‌ನಲ್ಲಿ ಪ್ರಕಟಣೆ ಹೊರಬಿತ್ತು, 2024ರಲ್ಲಿ ಬಳಕೆದಾರರಿಗೆ ಹಂತ ಹಂತವಾಗಿ ಅದು ಜಾರಿಗೆ ಬಂತು. "ಮೊದಲೆಲ್ಲ ತಾನಾಗಿ ಆಗುತ್ತಿತ್ತಲ್ಲ" ಎಂದು ಹಲವರು ಹೇಳುವುದರ ಹಿಂದಿನ ಕಾರಣ ಇದೇ.

ಚಿಕ್ಕಮ್ಮನ ಖಾತೆಯ ಲೆಕ್ಕ ಹೀಗಿತ್ತು: ಫೋಟೋಗಳು 9.6 ಜಿಬಿ, ಜಿಮೇಲ್ 2.1 ಜಿಬಿ, ಮಾರ್ಚ್‌ನ ವಾಟ್ಸಾಪ್ ಬ್ಯಾಕಪ್ 3.2 ಜಿಬಿ. ಒಟ್ಟು 14.9. ಹೊಸ ಬ್ಯಾಕಪ್‌ಗೆ ಬೇಕಾಗಿದ್ದದ್ದು ಸುಮಾರು 4 ಜಿಬಿ. ಪ್ರತಿದಿನ ಬ್ಯಾಕಪ್ ಆರಂಭವಾಗಿ, ಜಾಗವಿಲ್ಲದೆ ಅರ್ಧಕ್ಕೆ ನಿಲ್ಲುತ್ತಿತ್ತು. ಸ್ಟೋರೇಜ್ ತುಂಬಿದೆ ಎಂಬ ಸೂಚನೆ ಬಂದಾಗಲೆಲ್ಲ ಅವರು ಅದನ್ನು ಜಾಹೀರಾತೆಂದು ಬಗೆದು ಪಕ್ಕಕ್ಕೆ ಸರಿಸಿದ್ದರು.

ಹೊಸ ಫೋನಿನಲ್ಲಿಯೂ ಜಾಗ ಬೇಕು. ಗೂಗಲ್‌ನಿಂದ ಇಳಿಯುವ ಗಂಟು, ಅದನ್ನು ಬಿಚ್ಚಿದ ಮೇಲಿನ ಚಾಟ್‌ಗಳು, ರಾತ್ರಿ ಕಟ್ಟುವ ಒಳಗಿನ ಬ್ಯಾಕಪ್ ಎಲ್ಲಕ್ಕೂ ಎಡೆಯಿರಬೇಕಾದ್ದರಿಂದ, ಬ್ಯಾಕಪ್‌ನ ಗಾತ್ರದ ಎರಡರಷ್ಟು ಜಾಗ ಖಾಲಿಯಿದ್ದರೆ ನಿಶ್ಚಿಂತೆ ಎಂಬುದು ನನ್ನ ಲೆಕ್ಕ. ಐಫೋನ್ ಬಳಸುವವರಿಗೆ ವಾಟ್ಸಾಪ್ ಸ್ವತಃ ಹೇಳುವ ಅಂಕಿ ಇದಕ್ಕೆ ಹತ್ತಿರದಲ್ಲಿದೆ: ಬ್ಯಾಕಪ್ ಮಾಡುವಾಗ ಫೋನಿನಲ್ಲಿಯೂ ಐಕ್ಲೌಡ್‌ನಲ್ಲಿಯೂ ಅದರ ಗಾತ್ರದ 2.05 ಪಟ್ಟು ಜಾಗವಿರಬೇಕು.

ತೊಂದರೆ ಯಾವುದೆಂದು ಪರದೆಯಿಂದಲೇ ಒಂದಿಷ್ಟು ತಿಳಿಯುತ್ತದೆ. ಬ್ಯಾಕಪ್ ಸಿಗಲಿಲ್ಲವೆಂದು ಬಂದರೆ ನಂಬರನ್ನೋ ಖಾತೆಯನ್ನೋ ಮೊದಲು ಅನುಮಾನಿಸಬೇಕು. ಬ್ಯಾಕಪ್ ಸಿಕ್ಕಿ, ದಿನಾಂಕ ಮತ್ತು ಗಾತ್ರ ತೋರಿಸಿ, ಅರ್ಧದಲ್ಲಿ ನಿಂತರೆ ಕೀಲಿಗಳು ಸರಿಯಿವೆ ಎಂದರ್ಥ, ಆಗ ಹುಡುಕಬೇಕಾದದ್ದು ಜಾಗವನ್ನು ಮತ್ತು ನೆಟ್‌ವರ್ಕನ್ನು. ಸಂದೇಶಗಳೆಲ್ಲ ಬಂದು ಚಿತ್ರಗಳು ಮಾತ್ರ ಮಸುಕಾಗಿದ್ದರೆ ಬಹುಮಟ್ಟಿಗೆ ಅದು ತೊಂದರೆಯೇ ಅಲ್ಲ. ಅಕ್ಷರಗಳು ಮೊದಲು ಬರುತ್ತವೆ, ಚಿತ್ರ ಮತ್ತು ವಿಡಿಯೊಗಳು ಆಮೇಲೆ ಹಿನ್ನೆಲೆಯಲ್ಲಿ ಇಳಿಯುತ್ತಿರುತ್ತವೆ, ಗಂಟೆಗಟ್ಟಲೆ ಹಿಡಿಯಬಹುದು. ವಿಡಿಯೊಗಳು ಎಂದಿಗೂ ಬಾರದಿದ್ದರೆ, ಬ್ಯಾಕಪ್ ಮಾಡುವಾಗ Include videos ಎಂಬುದು ಆಫ್ ಆಗಿದ್ದಿರಬೇಕು.

## ನಾವು ಮಾಡಿದ್ದು

ಹೊಸ ಫೋನಿನಲ್ಲಿ ನೋಂದಣಿಯಾದ ಕ್ಷಣವೇ ಹಳೆಯ ಫೋನಿನ ವಾಟ್ಸಾಪ್ ಲಾಗ್ಔಟ್ ಆಗಿತ್ತು. ಲಾಗ್ಔಟ್ ಆಗುವುದು ಬೇರೆ, ಅಳಿಸಿಹೋಗುವುದು ಬೇರೆ. ಟ್ರಂಕು ಅಲ್ಲಿಯೇ ಇರುತ್ತದೆ, ಕೋಣೆಗೆ ಬೀಗ ಬಿದ್ದಿರುತ್ತದೆ ಅಷ್ಟೇ. ಆದ್ದರಿಂದ ಹಳೆಯ ಫೋನಿನಲ್ಲಿ ಆ್ಯಪನ್ನು ತೆಗೆಯಬಾರದೆಂದು ಚಿಕ್ಕಮ್ಮನಿಗೆ ಮೊದಲೇ ಹೇಳಿದೆ. ಮರುದಿನ ತುಮಕೂರಿಗೆ ಹೋಗಿ ಹಳೆಯ ಫೋನನ್ನು ವೈಫೈಗೆ ಜೋಡಿಸಿ, ಅದೇ ನಂಬರನ್ನು ಮತ್ತೆ ನೋಂದಾಯಿಸಿದೆವು. ಓಟಿಪಿ ಬಂದದ್ದು ಹೊಸ ಫೋನಿನಲ್ಲಿದ್ದ ಸಿಮ್‌ಗೆ, ಅದನ್ನು ನೋಡಿಕೊಂಡು ಹಳೆಯ ಫೋನಿನಲ್ಲಿ ತುಂಬಿದೆವು. ಬಾಗಿಲು ತೆರೆಯಿತು, ಎಲ್ಲ ಚಾಟ್‌ಗಳೂ ಇದ್ದವು. ಚಿಕ್ಕಮ್ಮ ಬೇರೇನನ್ನೂ ನೋಡದೆ ಚಿಕ್ಕಪ್ಪನ ಚಾಟ್ ತೆರೆದು, ಇಪ್ಪತ್ತು ಸೆಕೆಂಡಿನ ಆ ವಾಯ್ಸ್ ಮೆಸೇಜನ್ನು ಕಿವಿಗಿಟ್ಟು ಕೇಳಿದರು. ಹೀಗೆ ಅತ್ತಿಂದಿತ್ತ ನೋಂದಣಿ ಮಾಡುವುದನ್ನು ಪದೇ ಪದೇ ಮಾಡಲಾಗದು, ಪ್ರತಿ ಸಲವೂ ಮುಂದಿನ ಓಟಿಪಿಗೆ ಕಾಯಬೇಕಾದ ಸಮಯ ಹೆಚ್ಚುತ್ತಾ ಹೋಗುತ್ತದೆ.

ಆಮೇಲೆ ಜಾಗ ಮಾಡುವ ಕೆಲಸ. ವಾಟ್ಸಾಪ್‌ನ Storage and data ಒಳಗಿನ Manage storage ದೊಡ್ಡ ಕಡತಗಳನ್ನೂ ಹಲವು ಬಾರಿ ಫಾರ್ವರ್ಡ್ ಆದವನ್ನೂ ಬೇರ್ಪಡಿಸಿ ತೋರಿಸುತ್ತದೆ. ಶುಭೋದಯದ ವಿಡಿಯೊಗಳನ್ನು ಅಳಿಸಲು ಚಿಕ್ಕಮ್ಮ ಎರಡು ಸಲ ಯೋಚಿಸಲಿಲ್ಲ. ಗೂಗಲ್ ಫೋಟೋಸ್‌ನಿಂದ ಮೊಮ್ಮಗನ ಶಾಲಾ ವಾರ್ಷಿಕೋತ್ಸವದ ಮೂರು ಉದ್ದನೆಯ ವಿಡಿಯೊಗಳನ್ನು ಪೆನ್‌ಡ್ರೈವ್‌ಗೆ ನಕಲಿಸಿ, ಆಮೇಲೆ ಅಳಿಸಿದೆವು. ಫೋಟೋಸ್‌ನಲ್ಲಿ ಅಳಿಸಿದ್ದು ಫೋನಿನಿಂದಲೂ ಹೋಗುವುದರಿಂದ ನಕಲು ಮೊದಲಾಗಬೇಕು. ಅಳಿಸಿದರೂ 15 ಜಿಬಿಯ ಲೆಕ್ಕ ಕಡಿಮೆಯಾಗಲಿಲ್ಲ. ಅಳಿಸಿದವು ಕಸದ ಬುಟ್ಟಿಯಲ್ಲಿ ಕುಳಿತು ಜಾಗ ತಿನ್ನುತ್ತಲೇ ಇರುತ್ತವೆ, Trash ಅನ್ನು ಖಾಲಿ ಮಾಡಿದ ಮೇಲೆಯೇ 3 ಜಿಬಿಗೂ ಹೆಚ್ಚು ಜಾಗ ತೆರವಾಯಿತು.

ಬಳಿಕ Settings, Chats, Chat backup ತೆರೆದು, ಖಾತೆ ಚಿಕ್ಕಮ್ಮನದೇ ಎಂದು ನೋಡಿಕೊಂಡು, Include videos ಆಫ್ ಮಾಡಿ, Back up ಒತ್ತಿದೆವು. ಮುಕ್ಕಾಲು ಗಂಟೆ ಹಿಡಿಯಿತು. ಮುಗಿದ ಮೇಲೆ ಆ ಪರದೆಯಲ್ಲಿ ಗೂಗಲ್ ಬ್ಯಾಕಪ್‌ನ ಸಮಯ ಆಗಿನ ಸಮಯವೇ ಆಗಿದೆಯೇ ಎಂದು ಪರೀಕ್ಷಿಸಿದೆವು. ಪಕ್ಕದಲ್ಲಿ Local ಎಂದು ಕಾಣುವುದು ಫೋನಿನೊಳಗಿನ ಬ್ಯಾಕಪ್‌ನ ಸಮಯ, ಅದನ್ನು ನೋಡಿ ಮೋಸಹೋಗಬಾರದು.

ಹೊಸ ಫೋನಿನಲ್ಲಿ ಆ್ಯಪ್ ತೆಗೆಯುವ ಮುನ್ನ ಒಂದು ಸಣ್ಣ ಕೆಲಸ ಬಾಕಿಯಿತ್ತು. ಹಿಂದಿನ ಸಂಜೆಯಿಂದ ಅಲ್ಲಿಗೆ ಬಂದಿದ್ದ ಸಂದೇಶಗಳು ಅಲ್ಲಿ ಮಾತ್ರ ಇದ್ದವು, ಹಳೆಯ ಫೋನಿನ ಬ್ಯಾಕಪ್‌ನಲ್ಲಿ ಅವು ಸೇರಿರುವುದಿಲ್ಲ. ಅವುಗಳಲ್ಲಿ ಬೇಕಾದದ್ದು ಒಂದು ಲಗ್ನಪತ್ರಿಕೆಯ ಚಿತ್ರ. ಆ ಚಿತ್ರ ಉಳಿಯುವಂತೆ ಇನ್ನೊಂದು ಖಾತೆಯ ಮೇಲ್‌ಗೆ ಕಳಿಸಿಕೊಂಡೆವು. ನಂತರ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಳೆಯ ಜಿಮೇಲ್ ಖಾತೆಯನ್ನು ಸೇರಿಸಿದೆವು. ಹಳೆಯ ಫೋನಿನಲ್ಲಿ ಆ ಖಾತೆ ತೆರೆದೇ ಇದ್ದುದರಿಂದ ಪಾಸ್‌ವರ್ಡ್ ಬದಲಾಯಿಸುವುದು ಕಷ್ಟವಾಗಲಿಲ್ಲ. ವಾಟ್ಸಾಪ್ ತೆಗೆದು, ಮತ್ತೆ ಇಳಿಸಿ, ನಂಬರ್ ಕೊಟ್ಟು, ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟ ಮೇಲೆ ಪರದೆಯಲ್ಲಿ ಬ್ಯಾಕಪ್ ಕಾಣಿಸಿತು. Restore ಒತ್ತುವ ಮೊದಲು ದಿನಾಂಕ ನೋಡಿದೆವು, ಅದು ಅಂದಿನದೇ ಆಗಿತ್ತು.

## ಹಳೆಯ ಫೋನ್ ಕೈಯಲ್ಲಿದ್ದರೆ ಇನ್ನೆರಡು ದಾರಿಗಳು

ಗೂಗಲ್‌ನಲ್ಲಿ ಜಾಗ ಮಾಡಲು ಮನಸ್ಸಿಲ್ಲದವರು ಎರಡೂ ಆಂಡ್ರಾಯ್ಡ್ ಫೋನ್‌ಗಳನ್ನು ಪಕ್ಕಪಕ್ಕ ಇಟ್ಟು ನೇರವಾಗಿ ಸಾಗಿಸಬಹುದು. 2023ರಿಂದ ಈ ಸೌಲಭ್ಯವಿದೆ. ಹಳೆಯ ಫೋನಿನ Settings, Chats ಒಳಗೆ Transfer chats ಎಂಬುದಿರುತ್ತದೆ. ಹೊಸ ಫೋನಿನಲ್ಲಿ ಅದೇ ನಂಬರನ್ನು ನೋಂದಾಯಿಸಿ, ಚಾಟ್ ಸಾಗಿಸುವ ಆಯ್ಕೆಯನ್ನು ಒಪ್ಪಿದರೆ ಅಲ್ಲೊಂದು ಕ್ಯೂಆರ್ ಕೋಡ್ ಮೂಡುತ್ತದೆ, ಅದನ್ನು ಹಳೆಯ ಫೋನಿನಿಂದ ಸ್ಕ್ಯಾನ್ ಮಾಡಬೇಕು. ಎರಡರಲ್ಲಿಯೂ ವೈಫೈ ಆನ್ ಆಗಿರಬೇಕು, ಕೆಲಸ ಮುಗಿಯುವವರೆಗೆ ಪರದೆ ಆರದಂತೆ ನೋಡಿಕೊಳ್ಳಬೇಕು. ಹೊಸ ಫೋನಿನಲ್ಲಿ ಇನ್ನೂ ಏನನ್ನೂ ಮಾಡದಿರುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಇನ್ನೊಂದು ದಾರಿ ಮೊದಲು ಹೇಳಿದ, ಫೋನಿನೊಳಗಿನ ಗಂಟು. ಗೂಗಲ್‌ನಲ್ಲಿ ಖಾಲಿ ಬ್ಯಾಕಪ್ ಬಂದು ಕುಳಿತುಬಿಟ್ಟಿದ್ದರೆ, ಹಳೆಯ ಫೋನಿನ ಲಾಗಿನ್ ಕೂಡ ಸಾಧ್ಯವಾಗದಿದ್ದರೆ ಉಳಿಯುವುದು ಇದೊಂದೇ. ಸುಮಾರು ಏಳು ದಿನಗಳ ಪ್ರತಿಗಳು ಕೆಳಗಿನ ಫೋಲ್ಡರಿನಲ್ಲಿರುತ್ತವೆ. ತೀರಾ ಇತ್ತೀಚಿನದಕ್ಕೆ ದಿನಾಂಕವಿಲ್ಲದ ಹೆಸರು, ಹಿಂದಿನವಕ್ಕೆ ದಿನಾಂಕವಿರುವ ಹೆಸರು.

```
Android/media/com.whatsapp/WhatsApp/Databases
msgstore.db.crypt14
msgstore-2025-06-09.1.db.crypt14
```

ವಾಟ್ಸಾಪ್ ಇಳಿಸುವ ಮೊದಲೇ ಈ ಕಡತವನ್ನು ಹೊಸ ಫೋನಿನಲ್ಲಿ ಇದೇ ಹೆಸರಿನ ಫೋಲ್ಡರಿಗೆ ನಕಲಿಸಬೇಕು. ದಿನಾಂಕವಿರುವ ಪ್ರತಿ ಬೇಕಿದ್ದರೆ ಹೆಸರಿನಿಂದ ದಿನಾಂಕದ ಭಾಗವನ್ನು ತೆಗೆದು `msgstore.db.crypt14` ಎಂದು ಬದಲಾಯಿಸಬೇಕು. ಕೊನೆಯಲ್ಲಿರುವ ಸಂಖ್ಯೆ 14 ಇರಲಿ 15 ಇರಲಿ, ಅದನ್ನು ಮುಟ್ಟಬಾರದು. ಈ ಕಡತದಲ್ಲಿ ಸಂದೇಶಗಳು ಮಾತ್ರ ಇರುತ್ತವೆ. ಚಿತ್ರಗಳೂ ವಾಯ್ಸ್ ಮೆಸೇಜ್‌ಗಳೂ ಬೇಕಾದರೆ ಪಕ್ಕದ Media ಫೋಲ್ಡರನ್ನೂ ಒಯ್ಯಬೇಕು. ನಂಬರ್ ಇಲ್ಲಿಯೂ ಅದೇ ಆಗಿರಬೇಕು.

ಆಂಡ್ರಾಯ್ಡ್‌ನಿಂದ ಐಫೋನಿಗೆ ಹೋಗುವವರಿಗೆ ಈ ಎರಡೂ ದಾರಿಗಳು ಒದಗುವುದಿಲ್ಲ, ಗೂಗಲ್‌ನಲ್ಲಿರುವ ಬ್ಯಾಕಪನ್ನು ಐಫೋನಿನ ವಾಟ್ಸಾಪ್ ಓದುವುದಿಲ್ಲ. ಅವರು ಆ್ಯಪಲ್‌ನ Move to iOS ಆ್ಯಪ್ ಮೂಲಕ ಸಾಗಿಸಬೇಕು, ಅದೂ ಐಫೋನನ್ನು ಮೊದಲ ಬಾರಿಗೆ ಸಜ್ಜುಗೊಳಿಸುವ ಹೊತ್ತಿನಲ್ಲಿ. ಆ ಹಂತ ದಾಟಿದ್ದರೆ ಐಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಮತ್ತೆ ಆರಂಭಿಸಬೇಕಾಗುತ್ತದೆ.

ಹಳೆಯ ಫೋನನ್ನು ಯಾವಾಗ ಕೊಡಬಹುದು ಎಂದು ಚಿಕ್ಕಮ್ಮ ಕೇಳಿದರು. ಹೊಸ ಫೋನಿನಲ್ಲಿ ಚಿತ್ರಗಳು ಪೂರ್ತಿ ಇಳಿದು, ಅಲ್ಲಿಂದಲೇ ಒಂದು ಬ್ಯಾಕಪ್ ಹೋಗಿ, ಅದರ ದಿನಾಂಕವನ್ನು Chat backup ಪರದೆಯಲ್ಲಿ ಕಣ್ಣಾರೆ ನೋಡಿದ ಮೇಲೆ ಎಂದೆ. ಫೋನ್ ಇನ್ನೂ ಅವರ ಬೀರುವಿನಲ್ಲೇ ಇದೆ.